ಕುಶಾಲನಗರದ ಟೆರೇಸ್ ಮೇಲೆ ಬೆಂದ ಕುಂಡಗಳು: ಒಂದು ಪ್ರಕರಣ ಅಧ್ಯಯನ

ಕುಂಡದ ಮಣ್ಣು ಹಸಿಯಾಗಿದೆ, ಆದರೂ ಗಿಡ ಸೊರಗಿ ಜೋತುಬಿದ್ದಿದೆ. ಮಾರ್ಚ್ ಬಂತೆಂದರೆ ನಮ್ಮ ನರ್ಸರಿಗೆ ಬರುವವರಲ್ಲಿ ಬಹಳಷ್ಟು ಜನ ಹೇಳುವುದು ಇದನ್ನೇ. ಅವರು ಇನ್ನೊಂದು ಮಗ್ ನೀರು ಹಾಕುತ್ತಾರೆ, ಗಿಡ ಇನ್ನೂ ಸೊರಗುತ್ತದೆ, ಮತ್ತೆ ನೀರು ಹಾಕುತ್ತಾರೆ, ಕೊನೆಗೆ ಬೇರು ಕೊಳೆತು ಗಿಡವೇ ಹೋಗುತ್ತದೆ. 2024ರ ಏಪ್ರಿಲ್‌ನಲ್ಲಿ ಕುಶಾಲನಗರದ ಒಂದು ಮನೆಯ ಟೆರೇಸ್ ಮೇಲೆ ಇದೇ ನಡೆಯುತ್ತಿತ್ತು. ಅಲ್ಲಿ ಏನು ಕಂಡಿತು, ಯಾವುದನ್ನು ಮೊದಲು ಮಾಡಿದೆವು, ಏನು ಉಳಿಯಿತು, ಏನು ಹೋಯಿತು ಅಂತ ಪೂರ್ತಿ ಬರೆಯುತ್ತೇನೆ. ನೆರಳಿಗೆ ನೆಟ್ ಕಟ್ಟಿ, ಕುಂಡ ಒಟ್ಟಿಗಿಡಿ, ಮಣ್ಣಿನ ಮೇಲೆ ತರಗೆಲೆಯಂಥದ್ದರ ಮುಚ್ಚಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈ ಮೂರರಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಮಾಡಿದರೆ ಅರ್ಧ ಗಿಡಗಳು ಆಮೇಲೂ ಹೋಗುತ್ತವೆ.

ಮನೆಯವರು ನಿವೃತ್ತ ಟೀಚರ್ ಮತ್ತು ಅವರ ಯಜಮಾನರು, ನನಗೆ ಅಂಕಲ್. ಮೊದಲು ಮಡಿಕೇರಿ ಹತ್ತಿರ ತೋಟದ ಮನೆಯಲ್ಲಿದ್ದವರು. ಅಲ್ಲಿ ಉದ್ದ ಜಗಲಿ, ಮುಂದೆ ಮರಗಳು, ಜಗಲಿ ಅಂಚಿನಲ್ಲಿ ಆಂಥೂರಿಯಂ, ಬಿಗೋನಿಯಾ, ಹೈಡ್ರೇಂಜಿಯಾ, ಜರಿಗಿಡ. ಹತ್ತಾರು ವರ್ಷ ಸಾಕಿದ ಗಿಡಗಳು. ಮಗ ಕುಶಾಲನಗರದಲ್ಲಿ ಮನೆ ಕಟ್ಟಿಸಿದಾಗ ಕುಂಡಗಳನ್ನೆಲ್ಲ ಜೀಪಿನಲ್ಲಿ ಹೇರಿಕೊಂಡು ಬಂದರು. ಹೊಸ ಮನೆಗೆ ಜಗಲಿ ಇಲ್ಲ, ಟೆರೇಸ್ ಇದೆ. ಸರಿ, ಎಲ್ಲ ಟೆರೇಸ್ ಹತ್ತಿದವು.

ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತು ಕಿಲೋಮೀಟರ್ ಅಷ್ಟೇ. ಆದರೆ ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ಕುಶಾಲನಗರ 800 ಮೀಟರ್ ಚಿಲ್ಲರೆ. ಘಟ್ಟದ ಮಳೆ ಈ ಕಡೆಗೆ ಬರುವಷ್ಟರಲ್ಲಿ ತೆಳ್ಳಗಾಗಿಬಿಡುತ್ತದೆ. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಬಿಸಿಲಿನ ರುಚಿಯೇ ಬೇರೆ. "ಕೊಡಗಲ್ವಾ, ಇಲ್ಲೇನು ಬಿಸಿಗಾಳಿ" ಅನ್ನುವವರಿಗೆ ಒಂದು ಮಾತು ಹೇಳಬೇಕು. ಹವಾಮಾನ ಇಲಾಖೆ ಬಿಸಿಗಾಳಿ ಅಂತ ಲೆಕ್ಕ ಹಿಡಿಯಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಬೆಟ್ಟದ ಪ್ರದೇಶದಲ್ಲಿ 30 ಮುಟ್ಟಿದರೆ ಸಾಕು. ಜೊತೆಗೆ ಆ ಕಾಲದ ಮಾಮೂಲಿ ತಾಪಮಾನಕ್ಕಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ಅಂದರೆ ಅಂಕಿ ಎಷ್ಟು ಅನ್ನುವುದರ ಜೊತೆಗೆ, ಅಲ್ಲಿನ ಜೀವಗಳಿಗೆ ಎಷ್ಟು ಅಭ್ಯಾಸ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜಗಲಿಯ ನೆರಳಲ್ಲಿ ಬೆಳೆದ ಬಿಗೋನಿಯಾಗೆ ಬಳ್ಳಾರಿಯ ಬಿಸಿಲು ಬೇಕಾಗಿಲ್ಲ, 35 ಡಿಗ್ರಿಗೇ ಅದು ಕೈಚೆಲ್ಲುತ್ತದೆ.

ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ದಿನಗಳು. ತೋಟದವರು ಸ್ಪ್ರಿಂಕ್ಲರ್‌ಗೆ ನೀರು ಹುಡುಕುತ್ತಿದ್ದರು. ಟೀಚರ್ ಫೋನ್ ಮಾಡಿ, "ದಿನಾ ಎರಡು ಹೊತ್ತು ನೀರು ಹಾಕ್ತಿದ್ದೇನೆ, ಆದರೂ ಒಂದೊಂದೇ ಹೋಗ್ತಿದೆ, ಒಂದು ಸಲ ಬಂದು ನೋಡು ಮಗ" ಅಂದರು.

ಟೆರೇಸ್ ಮೇಲೆ ಕಂಡಿದ್ದು

ಹೋದದ್ದು ಮಧ್ಯಾಹ್ನ ಮೂರು ಗಂಟೆಗೆ. ಬೇಕೆಂದೇ ಆ ಹೊತ್ತಿಗೆ ಹೋದೆ. ಬೆಳಗ್ಗೆ ಹೋದರೆ ಎಲ್ಲ ಗಿಡವೂ ಚೆನ್ನಾಗೇ ಕಾಣುತ್ತದೆ. ಸುಮಾರು ನಲವತ್ತು ಕುಂಡ, ಟೆರೇಸಿನ ಪೂರ್ವದ ಪ್ಯಾರಾಪೆಟ್ ಗೋಡೆಯ ಉದ್ದಕ್ಕೂ ಒಂದೇ ಸಾಲು. ನಡುನಡುವೆ ಒಂದಡಿ ಜಾಗ, ನೋಡಲು ಅಚ್ಚುಕಟ್ಟು. ಮುಕ್ಕಾಲು ಪಾಲು ಕಪ್ಪು ಪ್ಲಾಸ್ಟಿಕ್ ಕುಂಡಗಳು, ಉಳಿದವು ಮಣ್ಣಿನ ಚಟ್ಟಿಗಳು. ಎಲ್ಲವೂ ನೇರವಾಗಿ ಕಾಂಕ್ರೀಟ್ ಮೇಲೆ ಕುಳಿತಿದ್ದವು. ಚಪ್ಪಲಿ ಇಲ್ಲದೆ ಆ ನೆಲದ ಮೇಲೆ ಕಾಲಿಡಲು ಆಗುತ್ತಿರಲಿಲ್ಲ, ಕಾದ ಕಾವಲಿಯೇ.

ಒಂದು ಹೈಡ್ರೇಂಜಿಯಾ ಎಲೆಗಳನ್ನೆಲ್ಲ ಇಳಿಬಿಟ್ಟಿತ್ತು. ಮಣ್ಣಿಗೆ ಬೆರಳು ಹಾಕಿದೆ, ಎರಡನೇ ಗೆಣ್ಣಿನವರೆಗೂ ತೇವ. ಅದೇ ಕುಂಡದ ಪಶ್ಚಿಮದ ಮೈಗೆ ಅಂಗೈ ಒತ್ತಿ ಹಿಡಿದರೆ ಐದು ಎಣಿಸುವುದರೊಳಗೆ ಕೈ ತೆಗೆಯಬೇಕಾಯಿತು. ಪೂರ್ವದ ಮೈ ಬೆಚ್ಚಗಿತ್ತು ಅಷ್ಟೇ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ಒಯ್ದಿದ್ದೆ. ಕುಂಡದ ಗೋಡೆಗೂ ಮಣ್ಣಿಗೂ ನಡುವೆ ನಾಲ್ಕು ಇಂಚು ಇಳಿಸಿ ನೋಡಿದರೆ ಪಶ್ಚಿಮದಲ್ಲಿ 46 ಡಿಗ್ರಿ, ಕುಂಡದ ನಡುವಿನಲ್ಲಿ 37. ಗಾಳಿಯ ತಾಪಮಾನ ಆ ಹೊತ್ತಿಗೆ 35ರ ಆಸುಪಾಸು.

ಟೀಚರ್‌ನ ಒಪ್ಪಿಗೆ ಕೇಳಿ ಹೈಡ್ರೇಂಜಿಯಾವನ್ನು ಕುಂಡದಿಂದ ಮೆಲ್ಲಗೆ ಹೊರಗೆಳೆದೆ. ಮಣ್ಣಿನ ಗಡ್ಡೆ ಮುರಿಯದೆ ಪೂರ್ತಿ ಬಂತು. ಪೂರ್ವದ ಕಡೆ ಬಿಳಿ ಬೇರುಗಳು ಜಾಲದ ಹಾಗೆ ಹಬ್ಬಿದ್ದವು, ತುದಿಗಳು ಇನ್ನೂ ಎಳೆಯವು. ತಿರುಗಿಸಿದರೆ ಪಶ್ಚಿಮದ ಕಡೆ ಬಹುತೇಕ ಅರ್ಧ ಭಾಗ ಕಂದು ಬಣ್ಣ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ದಾರದಂಥ ನಡುಬೇರು ಮಾತ್ರ ಉಳಿಯಿತು. ಬೇರು ಸತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸುಮ್ನೆ ನೀರಿಲ್ಲದೆ ಸತ್ತಿದ್ದರೆ ಸುತ್ತಲೂ ಒಂದೇ ಥರ ಒಣಗಿರುತ್ತಿತ್ತು. ಇಲ್ಲಿ ಬಿಸಿಲು ಬೀಳುವ ಕಡೆ ಮಾತ್ರ ಸತ್ತಿತ್ತು.

ನೆಲದಲ್ಲಿರುವ ಗಿಡಕ್ಕೆ ಈ ಕಷ್ಟ ಇಲ್ಲ. ಒಂದಡಿ ಆಳದಲ್ಲಿ ಮಣ್ಣು ತಂಪಾಗೇ ಇರುತ್ತದೆ, ಬೇರು ಅಲ್ಲಿಗೆ ಇಳಿಯುತ್ತದೆ. ಕುಂಡದ ಬೇರು ಎಲ್ಲಿಗೆ ಹೋಗಬೇಕು? ಅದು ಹೊರಗೆ ಹೊರಗೆ ಬೆಳೆದು ಕುಂಡದ ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ. ನೀರು ಹೀರುವ ಎಳೆ ಬೇರುಗಳು ಇರುವುದೂ ಅಲ್ಲೇ. ಆ ಗೋಡೆ ಕಪ್ಪಾಗಿದ್ದು, ನಾಲ್ಕು ಗಂಟೆಯ ಬಿಸಿಲು ನೇರ ಬಿದ್ದರೆ ಮೊದಲು ಬೇಯುವುದು ಅವೇ. ಮಣ್ಣು 35 ಡಿಗ್ರಿ ದಾಟಿದರೆ ಬಹುತೇಕ ಗಿಡಗಳ ಬೇರು ಬೆಳೆಯುವುದನ್ನು ಕಡಿಮೆ ಮಾಡುತ್ತದೆ, 40 ದಾಟಿ ಗಂಟೆಗಟ್ಟಲೆ ನಿಂತರೆ ಎಳೆ ಬೇರು ಸಾಯತೊಡಗುತ್ತದೆ. ಬೇರು ಸತ್ತ ಮೇಲೆ ಮಣ್ಣಿನಲ್ಲಿ ಎಷ್ಟು ನೀರಿದ್ದರೂ ಎಲೆಗೆ ಏರುವುದಿಲ್ಲ. ಎಲೆ ಜೋತುಬೀಳುತ್ತದೆ, ನೋಡಿದವರು ಬಾಯಾರಿಕೆ ಅಂದುಕೊಂಡು ಮತ್ತೆ ನೀರು ಹಾಕುತ್ತಾರೆ. ಬೆಂದ ಬೇರು, ಬೆಚ್ಚನೆ ಮಣ್ಣು, ಜಾಸ್ತಿ ನೀರು. ಕೊಳೆಸುವ ಶಿಲೀಂಧ್ರಕ್ಕೆ ಇನ್ನೇನು ಬೇಕು?

ಆದ್ದರಿಂದ ಮೊದಲು ತಂಪು ಮಾಡಬೇಕಾದ್ದು ಕುಂಡವನ್ನು. ಎಲೆಗೆ ನೆರಳು ಆಮೇಲೆ, ಮಣ್ಣಿಗೆ ಮುಚ್ಚಿಗೆ ಅದರ ನಂತರ. ಜನ ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ತರಗೆಲೆ ಹಾಕುತ್ತಾರೆ, ಆಮೇಲೆ ನೆಟ್ ತರುತ್ತಾರೆ, ಕುಂಡಗಳ ಜಾಗ ಮಾತ್ರ ಬದಲಿಸುವುದೇ ಇಲ್ಲ.

ಬರೀ ಮಧ್ಯಾಹ್ನದ ಸೊರಗಿಗೆ ಹೆದರಬೇಕಾಗಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹೈಡ್ರೇಂಜಿಯಾದಂಥ ಅಗಲ ಎಲೆಯ ಗಿಡ ಉರಿಬಿಸಿಲಲ್ಲಿ ಜೋಲುತ್ತದೆ, ಸಂಜೆ ಏಳಕ್ಕೆ ತಾನೇ ನೆಟ್ಟಗಾಗುತ್ತದೆ. ಅದು ಎಲೆ ನೀರು ಬಿಡುವ ವೇಗಕ್ಕೆ ಬೇರು ಸಮ ಬರದೆ ಆಗುವುದು. ಮಾರನೆ ಬೆಳಗ್ಗೆ ಆರು ಗಂಟೆಗೂ ಜೋತುಬಿದ್ದೇ ಇದ್ದರೆ ಆಗ ಯೋಚಿಸಬೇಕು. ಮಣ್ಣು ಒಣಗಿದ್ದರೆ ನೀರಿನ ಕೊರತೆ, ಮಣ್ಣು ಹಸಿ ಇದ್ದರೆ ಬೇರಿನ ತೊಂದರೆ. ಟೀಚರ್ ಮನೆಯಲ್ಲಿ ಬೆಳಗ್ಗೆಯೂ ಏಳದ ಕುಂಡ ಹನ್ನೊಂದು ಇದ್ದವು.

ಕುಂಡಗಳ ಜಾಗ ಬದಲಿಸಿದ್ದು

ಆವತ್ತು ಸಂಜೆಯೇ ಕೆಲಸ ಶುರು ಮಾಡಿದೆವು. ಅಂಕಲ್ ಮೊದಲು ಕೇಳಿದ್ದು, "ಈ ಸಾಲನ್ನೇ ದಕ್ಷಿಣದ ಗೋಡೆ ಬುಡಕ್ಕೆ ಇಟ್ಟರೆ ನೆರಳು ಸಿಗಲ್ವಾ?" ಅಂತ. ಡಿಸೆಂಬರ್‌ನಲ್ಲಾದರೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಇಲ್ಲ. ಕೊಡಗು ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ 23ರ ಆಸುಪಾಸಿಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಯಾವ ಗೋಡೆಯ ಬುಡದಲ್ಲೂ ನೆರಳಿಲ್ಲ. ಅದರ ನಂತರ ಆಗಸ್ಟ್‌ವರೆಗೂ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ, ಮುಳುಗುವುದೂ ವಾಯವ್ಯದ ಕಡೆಗೆ. ಹಾಗಾಗಿ ನಮ್ಮ ಕಡೆ ಬೇಸಿಗೆಯಲ್ಲಿ ನೆರಳು ಬೇಕಾದ್ದು ನೆತ್ತಿಯ ಮೇಲೆ ಮತ್ತು ಪಶ್ಚಿಮ-ವಾಯವ್ಯಕ್ಕೆ. ದಕ್ಷಿಣಕ್ಕೆ ಪರದೆ ಕಟ್ಟಿ ದುಡ್ಡು ಹಾಳು ಮಾಡಬೇಡಿ.

ಟೆರೇಸಿನಲ್ಲಿ ಮೆಟ್ಟಿಲಿನ ಕೋಣೆ ಇತ್ತು, ಅದರ ಪೂರ್ವದ ಮಗ್ಗುಲು ಮಧ್ಯಾಹ್ನ ಎರಡರ ನಂತರ ನೆರಳಾಗುತ್ತಿತ್ತು. ಎಲ್ಲ ಕುಂಡಗಳನ್ನೂ ಪೂರ್ವದ ಪ್ಯಾರಾಪೆಟ್ ಗೋಡೆ ಬಿಡಿಸಿ ಅಲ್ಲಿಗೆ ತಂದೆವು. ಸಾಲಾಗಿ ಇಡಲಿಲ್ಲ, ಗುಂಪಾಗಿ ಇಟ್ಟೆವು. ಹೊರಗಿನ ಸುತ್ತಿಗೆ ದೊಡ್ಡ ಕುಂಡಗಳು, ಅದರಲ್ಲೂ ಬಿಸಿಲು ತಡೆಯುವಂಥವು: ಕಾಗದದ ಹೂವಿನ ಗಿಡ, ದಾಸವಾಳ, ಕರಿಬೇವು. ಒಳಗೆ ಸಣ್ಣ ಕುಂಡಗಳು, ನಟ್ಟನಡುವೆ ಆಂಥೂರಿಯಂ, ಬಿಗೋನಿಯಾ, ಜರಿಗಿಡ. ಒಂದು ಕುಂಡದ ಮೈ ಇನ್ನೊಂದರ ಮೈಗೆ ನೆರಳಾಗಬೇಕು, ಗುಂಪು ಮಾಡುವುದರ ನಿಜವಾದ ಲಾಭ ಅದು. ಎಲೆಗಳೆಲ್ಲ ಒಟ್ಟಿಗೆ ನೀರಾವಿ ಬಿಡುವುದರಿಂದ ನಡುವೆ ಸ್ವಲ್ಪ ತಂಪು ನಿಲ್ಲುತ್ತದೆ, ಅದೂ ಇದೆ, ಆದರೆ ಗಾಳಿ ಬೀಸುವ ಟೆರೇಸಿನಲ್ಲಿ ಅದನ್ನೇ ನಂಬಿ ಕೂರುವ ಹಾಗಿಲ್ಲ. ಕುಂಡದ ಮೈಗೆ ಬಿಸಿಲು ತಾಗದಿರುವುದೇ ಮುಖ್ಯ.

ಕುಂಡದ ಬಾಯಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇಡಬಹುದು, ಎಲೆಗಳು ಮಾತ್ರ ಒಂದರ ಮೇಲೊಂದು ಒತ್ತಿಕೊಂಡು ಹಾಸಿಕೊಳ್ಳಬಾರದು. ಕುಂಡದ ಬಾಯಿ ಕೆಳಭಾಗಕ್ಕಿಂತ ಅಗಲ ಇರುವುದರಿಂದ ಕೆಳಗೆ ಗಾಳಿಯಾಡಲು ಜಾಗ ತಾನಾಗೇ ಉಳಿಯುತ್ತದೆ. ನಾಲ್ಕು ಕುಂಡಕ್ಕೊಮ್ಮೆ ಕೈ ಹೋಗುವಷ್ಟು ಸಂದು ಬಿಟ್ಟೆವು. ಅದು ಯಾಕೆ ಬೇಕು ಅಂದರೆ ಒಣ ಬಿಸಿಲಲ್ಲಿ ನುಸಿ, ಹಿಟ್ಟು ತಿಗಣೆ ಎರಡೂ ಏರುತ್ತವೆ, ಗುಂಪಿನಲ್ಲಿ ಒಂದು ಗಿಡಕ್ಕೆ ಬಂದರೆ ವಾರದಲ್ಲಿ ಪಕ್ಕದ್ದಕ್ಕೆ ದಾಟುತ್ತವೆ. ಎಲೆಯ ಅಡಿ ತಿರುಗಿಸಿ ನೋಡಲು ಕೈ ಹೋಗಲೇಬೇಕು. ಟೀಚರ್ ಮನೆಯ ಗುಲಾಬಿಯಲ್ಲಿ ಹೀಗೇ ನುಸಿ ಸಿಕ್ಕಿತು. ಎಲೆಯ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ. ಆ ಗುಲಾಬಿಯನ್ನು ಬೇರೆ ಮೂಲೆಗೆ ಒಯ್ದು ಎಲೆಯ ಅಡಿಗೆ ಬೆಳಗ್ಗೆ ಹೊತ್ತು ನೀರನ್ನು ಜೋರಾಗಿ ಹೊಡೆಸಿದೆವು, ದಿನ ಬಿಟ್ಟು ದಿನ. ಬೇರೆ ಔಷಧಿ ಹಾಕಲಿಲ್ಲ.

ಅಡೇನಿಯಂ, ಕಳ್ಳಿ ಜಾತಿಯವನ್ನು ಈ ಗುಂಪಿಗೆ ಸೇರಿಸಲಿಲ್ಲ. ಅವುಗಳಿಗೆ ನೀರಿನ ಲೆಕ್ಕವೇ ಬೇರೆ. ಒಟ್ಟಿಗಿದ್ದರೆ ಪೈಪ್ ಹಿಡಿದವರು ಎಲ್ಲಕ್ಕೂ ಸಮನಾಗಿ ಹಾಕಿಬಿಡುತ್ತಾರೆ. ಅವು ಬಿಸಿಲಲ್ಲೇ ಉಳಿದವು, ಏನೂ ಆಗಲಿಲ್ಲ.

ಇನ್ನು ಕೆಳಗಿನ ಕಾಂಕ್ರೀಟ್. ಅದು ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಳೇ ಸಿಲ್ವರ್ ಓಕ್ ಹಲಗೆ ಹಾಸಿ, ಅದರ ಮೇಲೆ ಕುಂಡ ಇಟ್ಟೆವು. ಮೂರು ಇಂಚು ಎತ್ತರ ಸಿಕ್ಕರೂ ಸಾಕು, ನಡುವೆ ಗಾಳಿ ಹರಿಯಬೇಕು ಅಷ್ಟೇ. ಹೊರಸುತ್ತಿನ ಕಪ್ಪು ಕುಂಡಗಳ ಪಶ್ಚಿಮದ ಮೈಗೆ ಗೋಣಿತಾಟು ಸುತ್ತಿದೆವು. ಕಾಫಿ ಊರಿನಲ್ಲಿ ಗೋಣಿಚೀಲಕ್ಕೆ ಬರವೇ? ಬೆಳಗ್ಗೆ ನೀರು ಹಾಕುವಾಗ ಗೋಣಿಯನ್ನೂ ನೆನೆಸಿದರೆ ಮಧ್ಯಾಹ್ನದವರೆಗೆ ತಂಪಾಗಿರುತ್ತದೆ, ಒಣಗಿದ ಮೇಲೂ ನೆರಳಂತೂ ಕೊಡುತ್ತದೆ. ಎರಡು ಆಂಥೂರಿಯಂ ಕುಂಡಗಳನ್ನು ಖಾಲಿ ಇದ್ದ ದೊಡ್ಡ ಮಣ್ಣಿನ ಚಟ್ಟಿಯೊಳಗೆ ಇಳಿಸಿ, ನಡುವಿನ ಸಂದಿಗೆ ತೆಂಗಿನ ನಾರು ತುಂಬಿದೆವು. ಬೇರಿಗೆ ಇದಕ್ಕಿಂತ ಒಳ್ಳೆ ರಕ್ಷಣೆ ನಾನು ನೋಡಿಲ್ಲ, ಆದರೆ ನಲವತ್ತು ಕುಂಡಕ್ಕೆ ಮಾಡಲು ಆಗದ ಕೆಲಸ.

ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಥರ್ಮಾಮೀಟರ್ ಇಳಿಸಿದೆ. ಹೊರಸುತ್ತಿನ ಕುಂಡದ ಪಶ್ಚಿಮ ಅಂಚಿನಲ್ಲಿ 38, ಒಳಗಿನ ಕುಂಡಗಳಲ್ಲಿ 33. ಆಗಿನ್ನೂ ನೆಟ್ ಕಟ್ಟಿರಲಿಲ್ಲ.

ನೆಟ್ ಕಟ್ಟಿದ್ದು

ಅಂಕಲ್ ಅಷ್ಟರಲ್ಲಿ ಅಂಗಡಿಗೆ ಹೋಗಿ 90 ಪರ್ಸೆಂಟಿನ ಹಸಿರು ಶೇಡ್ ನೆಟ್ ಕೇಳಿಕೊಂಡು ಬಂದಿದ್ದರು, "ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ" ಅಂತ. ಶೇಡ್ ನೆಟ್‌ನ ಅಂಕಿ ಅಂದರೆ ಎಷ್ಟು ಪಾಲು ಬೆಳಕನ್ನು ತಡೆಯುತ್ತದೆ ಅಂತ. 90ರದ್ದು ಹತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುತ್ತದೆ. ಅದರ ಕೆಳಗೆ ದಾಸವಾಳ, ಗುಲಾಬಿ ಮೊಗ್ಗು ಉದುರಿಸುತ್ತವೆ, ಕಾಂಡ ಸಣಕಲಾಗಿ ಉದ್ದ ಬೆಳೆಯುತ್ತದೆ. ಕಾಫಿ ನರ್ಸರಿಗಳಲ್ಲಿ ಬಳಸುವ 50ರ ನೆಟ್ ತರಿಸಿದೆವು, ಟೆರೇಸಿನ ಹೆಚ್ಚಿನ ಗಿಡಗಳಿಗೆ ಅದು ಸಾಕು. ಆಂಥೂರಿಯಂ, ಜರಿಗಿಡ ಇರುವ ನಡುಭಾಗಕ್ಕೆ ಮಾತ್ರ ಅದೇ ನೆಟ್ಟನ್ನು ಎರಡು ಪದರ ಹಾಕಿದೆವು. ಮೊದಲ ಪದರ ಅರ್ಧ ಬಿಡುತ್ತದೆ, ಎರಡನೆಯದು ಅದರಲ್ಲಿ ಅರ್ಧ ಬಿಡುತ್ತದೆ, ಒಟ್ಟು ಕಾಲು ಪಾಲು ಬೆಳಕು ಕೆಳಗೆ ಬರುತ್ತದೆ. 75ರ ನೆಟ್ ಬೇರೆ ಕೊಳ್ಳುವ ಅಗತ್ಯವೇ ಬರಲಿಲ್ಲ.

ನೆಟ್ ಗಾಳಿಯನ್ನು ತಂಪು ಮಾಡುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದು ನೇರ ಬಿಸಿಲನ್ನು ತಡೆಯುತ್ತದೆ, ತಾನು ಕಾಯುತ್ತದೆ, ಕಾದ ಬಿಸಿಯನ್ನು ಕೆಳಕ್ಕೂ ಬಿಡುತ್ತದೆ. ಗಿಡದ ನೆತ್ತಿಗೆ ಅಂಟುವಂತೆ ಹೊದಿಸಿದರೆ, ಅಥವಾ ನಾಲ್ಕೂ ಕಡೆ ಇಳಿಬಿಟ್ಟು ಡೇರೆಯಂತೆ ಮಾಡಿದರೆ, ಒಳಗಿನ ಗಾಳಿ ಹೊರಗಿಗಿಂತ ಬಿಸಿಯಾಗುತ್ತದೆ. ನೋಡುವುದು ಸುಲಭ. ಮಧ್ಯಾಹ್ನ ಎರಡಕ್ಕೆ ನೆಟ್ ಕೆಳಗೆ ನಿಂತು ಗಿಡದ ತುದಿ ಇರುವ ಎತ್ತರದಲ್ಲಿ ಕೈ ಹಿಡಿಯಿರಿ. ಬಿಸಿ ಹಬೆ ನಿಂತಂತೆ ಅನ್ನಿಸಿದರೆ ನೆಟ್ ತಗ್ಗಾಯಿತು ಅಂತಲೇ ಅರ್ಥ.

ನಾವು ಒಂದು ಬದಿಗೆ ಮೆಟ್ಟಿಲ ಕೋಣೆಯ ಗೋಡೆಗೆ ಕೊಕ್ಕೆ ಹೊಡೆದೆವು, ಇನ್ನೊಂದು ಬದಿಗೆ ಸಿಮೆಂಟ್ ತುಂಬಿದ ಡಬ್ಬಗಳಲ್ಲಿ ಬಿದಿರು ನಿಲ್ಲಿಸಿದೆವು. ಎತ್ತರ ಸುಮಾರು ಏಳಡಿ, ಎತ್ತರದ ಗಿಡದ ತುದಿಗೂ ನೆಟ್‌ಗೂ ಎರಡಡಿ ಉಳಿಯುವಂತೆ. ಪಶ್ಚಿಮಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಆ ಕಡೆ ಕೋಣೆಯ ಗೋಡೆ ಮರೆಯಾಗದ ಭಾಗಕ್ಕೆ ಮಾತ್ರ ಮೂರಡಿ ನೆಟ್ಟನ್ನು ಪರದೆಯಂತೆ ಇಳಿಬಿಟ್ಟೆವು, ಸಂಜೆಯ ಓರೆ ಬಿಸಿಲಿಗೆ. ಪೂರ್ವ, ಉತ್ತರ, ದಕ್ಷಿಣ ಪೂರ್ತಿ ತೆರೆದೇ ಇದ್ದವು. ಬೆಳಗಿನ ಒಂಬತ್ತರವರೆಗಿನ ಬಿಸಿಲು ಬೇಕು, ಗಿಡಕ್ಕೆ ಅದು ಊಟ.

ಕಟ್ಟುವ ರೀತಿಯ ಬಗ್ಗೆಯೂ ಒಂದಷ್ಟು ಹೇಳಬೇಕು. ಕೊಡಗಿನಲ್ಲಿ ಏಪ್ರಿಲ್-ಮೇ ಅಂದರೆ ಸಂಜೆ ಗುಡುಗು, ಇದ್ದಕ್ಕಿದ್ದಂತೆ ಬೀಸುವ ಗಾಳಿ, ಕೆಲವೊಮ್ಮೆ ಆಲಿಕಲ್ಲು. ನೆಟ್ಟನ್ನು ನಾಲ್ಕೂ ಮೂಲೆಯಲ್ಲಿ ತಂತಿಯಿಂದ ಬಿಗಿದು ಕಟ್ಟಿದರೆ ಅದು ಹಾಯಿಯಾಗಿ ಬಿದಿರನ್ನೂ ಡಬ್ಬವನ್ನೂ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತದೆ. ಗೋಡೆಯ ಕಡೆ ಗಟ್ಟಿಯಾಗಿ ಕಟ್ಟಿ, ಬಿದಿರಿನ ಕಡೆ ಎಳೆದರೆ ಬಿಚ್ಚುವ ಜಾರುಗಂಟು ಹಾಕಿದೆವು. ಮೋಡ ಕಟ್ಟಿದರೆ ಹಗ್ಗ ಎಳೆದು ನೆಟ್ಟನ್ನು ಗೋಡೆಗೆ ಸುತ್ತಿಡುವುದು ಅಂಕಲ್ ಕೆಲಸ. ನೆಟ್‌ನ ಅಂಚನ್ನು ಎರಡು ಮಡಿಕೆ ಮಾಡಿ ನಡುವೆ ನೈಲಾನ್ ಹಗ್ಗ ಪೋಣಿಸಿದ್ದರಿಂದ ಅದು ಎಲ್ಲೂ ಹರಿಯಲಿಲ್ಲ. ಸುಮ್ನೆ ತೂತಿಗೆ ತಂತಿ ಸಿಕ್ಕಿಸಿದರೆ ಮೊದಲ ಗಾಳಿಗೇ ಹರಿಯುತ್ತದೆ.

ಮುಚ್ಚಿಗೆ, ಅದರ ಜೊತೆಗೆ ನೀರು

ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ಇದೆ, ಹೊಟ್ಟು ಸುಲಭಕ್ಕೆ ಸಿಗುತ್ತದೆ. ಎಲ್ಲರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. ಆದರೆ ಕಾಫಿ ಹಣ್ಣಿನ ಹೊಸ ಹೊಟ್ಟನ್ನು ಕುಂಡಕ್ಕೆ ಹಾಕಬಾರದು. ಒದ್ದೆಯಾದರೆ ಅದು ಕೊಳೆಯಲು ಶುರುವಾಗಿ ತಾನೇ ಕಾವು ಬಿಡುತ್ತದೆ, ಅದರಲ್ಲಿರುವ ಅಂಶಗಳು ಎಳೆ ಬೇರಿಗೂ ಒಳ್ಳೆಯದಲ್ಲ. ಒಂದು ಮಳೆಗಾಲ ಹೊರಗೆ ಬಿದ್ದು ಕಪ್ಪಾಗಿ ಮಣ್ಣಿನ ವಾಸನೆ ಬಂದ ಹಳೇ ಹೊಟ್ಟಾದರೆ ಆಗುತ್ತದೆ. ಅಂಥದ್ದು ನಮಗೆ ಸಿಗಲಿಲ್ಲ. ಹಾಗಾಗಿ ಸಿಲ್ವರ್ ಓಕ್ ತರಗೆಲೆಯನ್ನು ಕೈಯಿಂದ ಪುಡಿ ಮಾಡಿ, ಒರಟಾಗಿ ಕತ್ತರಿಸಿದ ತೆಂಗಿನ ಸಿಪ್ಪೆಯ ಜೊತೆ ಅರ್ಧಕ್ಕರ್ಧ ಬೆರೆಸಿದೆವು. ಬರೀ ಎಲೆ ಹಾಕಿದರೆ ಟೆರೇಸಿನ ಗಾಳಿಗೆ ಹಾರಿಹೋಗುತ್ತದೆ, ಸಿಪ್ಪೆಯ ತುಂಡು ಅದನ್ನು ಹಿಡಿದಿಡುತ್ತದೆ. ಮರದ ಪುಡಿ ಬೇಡ, ಒದ್ದೆಯಾಗಿ ಒಣಗಿದರೆ ಗಟ್ಟಿ ಹೆಪ್ಪುಗಟ್ಟಿ ನೀರನ್ನು ಹೊರಕ್ಕೇ ಹರಿಸುತ್ತದೆ.

ಮುಚ್ಚಿಗೆ ಎರಡು ಇಂಚು ದಪ್ಪ, ಕಾಂಡದ ಸುತ್ತ ಒಂದು ಇಂಚು ಖಾಲಿ. ಕಾಂಡಕ್ಕೆ ಅಂಟಿಸಿ ಗುಡ್ಡೆ ಮಾಡಿದರೆ ಬುಡ ಕೊಳೆಯುತ್ತದೆ, ಬಿಗೋನಿಯಾದಲ್ಲಂತೂ ವಾರದೊಳಗೆ. ಕುಂಡ ಕಂಠದವರೆಗೂ ಮಣ್ಣು ತುಂಬಿದ್ದರೆ ಮೇಲಿನ ಒಂದೆರಡು ಇಂಚು ಮಣ್ಣನ್ನು ಮೆಲ್ಲಗೆ ಕೆರೆದು ತೆಗೆದು ಜಾಗ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನೀರು ಹಾಕಿದಾಗ ಮುಚ್ಚಿಗೆ ಹೊರಗೆ ಕೊಚ್ಚಿಹೋಗುತ್ತದೆ. ಹಾಗೆ ಕೆರೆಯುವಾಗ ಬೇರು ಕಂಡರೆ ಅಲ್ಲಿಗೇ ನಿಲ್ಲಿಸಿ, ಮುಚ್ಚಿಗೆಯನ್ನೇ ತೆಳ್ಳಗೆ ಹಾಕಿ.

ಒಣ ಮಣ್ಣಿನ ಮೇಲೆ ಮುಚ್ಚಿಗೆ ಹಾಕುವುದು ಬರೀ ನಷ್ಟ. ಟೀಚರ್ ಮನೆಯಲ್ಲಿ ಕೆಲವು ಕುಂಡಗಳಲ್ಲಿ ಕೊಕೊಪೀಟ್ ಮಿಶ್ರಣ ಇತ್ತು, ಅದು ಪೂರ್ತಿ ಒಣಗಿ ಗೋಡೆಯಿಂದ ಬಿಟ್ಟುಕೊಂಡಿತ್ತು. ಮೇಲೆ ನೀರು ಸುರಿದರೆ ಸಂದಿಯಲ್ಲಿ ಜಾರಿ ಕೆಳಗಿನ ತೂತಿನಿಂದ ತಕ್ಷಣ ಹೊರಗೆ ಬರುತ್ತಿತ್ತು. ನೋಡಿದವರಿಗೆ ನೀರು ಚೆನ್ನಾಗಿ ಕುಡಿಯಿತು ಅನ್ನಿಸುತ್ತದೆ, ಒಳಗೆ ಗಡ್ಡೆ ಒಣಗಿಯೇ ಇರುತ್ತದೆ. ಕುಂಡ ಎತ್ತಿ ನೋಡಿದರೆ ಹಗುರ, ಅದರಲ್ಲೇ ಗೊತ್ತಾಗುತ್ತದೆ. ಅಂಥ ಕುಂಡಗಳನ್ನು ಬಕೆಟ್ ನೀರಿನಲ್ಲಿ ಅರ್ಧ ಮುಳುಗುವಂತೆ ಇಳಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟೆವು, ಸುಮಾರು ಅರ್ಧ ಗಂಟೆ. ಮೇಲೆತ್ತಿ ನೀರು ಬಸಿದ ಮೇಲೆ ಮುಚ್ಚಿಗೆ ಹಾಕಿದೆವು.

ನೀರು ಹಾಕುವ ಹೊತ್ತನ್ನು ಬೆಳಗ್ಗೆ ಏಳರೊಳಗೆ ಮಾಡಿದೆವು. ಅದುವರೆಗೆ ಟೀಚರ್ ಮಧ್ಯಾಹ್ನ ಊಟವಾದ ಮೇಲೆ ಪೈಪ್ ಹಿಡಿಯುತ್ತಿದ್ದರು, ಗಿಡ ಜೋತಿರುವುದನ್ನು ನೋಡಲಾಗದೆ. ಆ ಹೊತ್ತಿಗೆ ಟೆರೇಸಿನ ಕಪ್ಪು ಟ್ಯಾಂಕಿನ ನೀರು, ಅದಕ್ಕಿಂತ ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು, ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ನೇರ ಬೇರಿಗೆ ಬಿಟ್ಟರೆ ಏನಾಗುತ್ತದೆ ಹೇಳಿ? ಮಧ್ಯಾಹ್ನ ಹಾಕಲೇಬೇಕಾದರೆ ಪೈಪಿನ ನೀರನ್ನು ಮೊದಲು ಬಕೆಟ್ಟಿಗೆ ಬಿಟ್ಟು ನೆರಳಲ್ಲಿಟ್ಟು, ತಣಿದ ಮೇಲೆ ಹಾಕಿ.

ಮುಚ್ಚಿಗೆ ಹಾಕಿದ ಮೇಲೆ ದಿನಕ್ಕೆ ಎರಡು ಹೊತ್ತಿನ ನೀರು ಒಂದು ಹೊತ್ತಿಗೆ ಇಳಿಯಿತು, ನಡುವಿನ ಕೆಲವು ಕುಂಡಗಳಿಗೆ ದಿನ ಬಿಟ್ಟು ದಿನ. ಆದರೆ ಮುಚ್ಚಿಗೆ ಕಣ್ಣಿಗೆ ಮೋಸ ಮಾಡುತ್ತದೆ. ಮೇಲೆ ಒಣಗಿ ಗರಿಗರಿ, ಕೆಳಗೆ ಹಸಿ. ಇದರ ತಿರುಗಾಮುರುಗಾ ಇನ್ನೂ ಅಪಾಯ: ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಸಣ್ಣ ಮಳೆ ಬಂತು, ಟೆರೇಸೆಲ್ಲ ಒದ್ದೆ, ಮಣ್ಣಿನ ವಾಸನೆ. ಮಳೆ ಬಂತಲ್ಲ ಅಂತ ಟೀಚರ್ ಮಾರನೆ ದಿನ ನೀರು ಹಾಕಲಿಲ್ಲ. ಮುಚ್ಚಿಗೆ ಸರಿಸಿ ನೋಡಿದರೆ ಆ ಮಳೆಯೆಲ್ಲ ತರಗೆಲೆಯಲ್ಲೇ ನಿಂತಿತ್ತು, ಕೆಳಗಿನ ಮಣ್ಣಿಗೆ ಹನಿಯೂ ಇಳಿದಿರಲಿಲ್ಲ. ಮಳೆ ಬಂದರೂ ಬೆರಳು ಹಾಕಿ ನೋಡಿಯೇ ನೀರು ನಿಲ್ಲಿಸಬೇಕು.

ಈ ಅವಧಿಯಲ್ಲಿ ಗೊಬ್ಬರ ಕೊಡಲಿಲ್ಲ, ಕುಂಡ ಬದಲಿಸಲಿಲ್ಲ, ಸುಟ್ಟ ಎಲೆಗಳನ್ನೂ ಕತ್ತರಿಸಲಿಲ್ಲ. ಸುಟ್ಟ ಎಲೆ ನೋಡಲು ಚೆಂದ ಇಲ್ಲ, ನಿಜ, ಆದರೆ ಕೆಳಗಿನ ಎಲೆಗೆ ಅದು ನೆರಳು. ಕತ್ತರಿಸಿದರೆ ಗಿಡ ಹೊಸ ಚಿಗುರು ಬಿಡುತ್ತದೆ, ಆ ಎಳೆ ಚಿಗುರು ಮೊದಲ ಬಿಸಿಲಿಗೇ ಕರಕಲಾಗುತ್ತದೆ. ಬೇರು ಅರ್ಧ ಸತ್ತ ಗಿಡಕ್ಕೆ ಗೊಬ್ಬರ ಹಾಕಿದರೆ ಉಪ್ಪಿನಂಶ ಜಾಸ್ತಿಯಾಗಿ ಉಳಿದ ಬೇರೂ ಸುಡುತ್ತದೆ.

ಉಳಿದದ್ದು, ಹೋದದ್ದು

ಬೆಳಗ್ಗೆಯೂ ಏಳದಿದ್ದ ಹನ್ನೊಂದು ಕುಂಡಗಳಲ್ಲಿ ಏಳು ಬದುಕಿದವು, ನಾಲ್ಕು ಹೋದವು. ಹೋದದ್ದು ಎರಡು ಬಿಗೋನಿಯಾ, ಒಂದು ಜರಿಗಿಡ, ಒಂದು ಹೈಡ್ರೇಂಜಿಯಾ. ನಾಲ್ಕರಲ್ಲೂ ಬುಡದ ಹತ್ತಿರ ಕಾಂಡ ಮೆತ್ತಗಾಗಿ ಕಪ್ಪಾಗಿತ್ತು. ಆ ಹಂತಕ್ಕೆ ಬಂದ ಮೇಲೆ ನೆರಳು, ಮುಚ್ಚಿಗೆ ಯಾವುದೂ ಕೆಲಸ ಮಾಡುವುದಿಲ್ಲ. ಬಿಗೋನಿಯಾದ ಗಟ್ಟಿ ತುದಿಗಳನ್ನು ಕತ್ತರಿಸಿ ಒದ್ದೆ ಮರಳಿನಲ್ಲಿ ಚುಚ್ಚಿ ಮನೆಯೊಳಗೆ ಇಟ್ಟೆವು, ಕೆಲವು ಬೇರು ಬಿಟ್ಟವು, ತಾಯಿಗಿಡ ಹೋದರೂ ಜಾತಿ ಉಳಿಯಿತು. ಆ ಬಿಗೋನಿಯಾ ಟೀಚರ್‌ಗೆ ಅವರ ಅತ್ತೆ ಕೊಟ್ಟಿದ್ದಂತೆ.

ನಾನು ಬೇರು ನೋಡಲು ಹೊರಗೆಳೆದಿದ್ದ ಹೈಡ್ರೇಂಜಿಯಾ ಬದುಕಿತು. ಮೇ ಎರಡನೇ ವಾರದ ಹೊತ್ತಿಗೆ ಬುಡದ ಹತ್ತಿರ ಎರಡು ಕಡೆ ಚಿಗುರಿತು. ಹಳೇ ಸುಟ್ಟ ಎಲೆಯ ಅಂಚು ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಗಿಡ ಸುಧಾರಿಸಿಲ್ಲ ಅಂದುಕೊಳ್ಳಬಾರದು. ಹೊಸ ಎಲೆ ಪೂರ್ತಿ ಅಗಲ ಬಿಚ್ಚಿಕೊಂಡು, ಅಂಚು ಕರಕಲಾಗದೆ ಇದ್ದರೆ ಬೇರು ಕೆಲಸ ಶುರು ಮಾಡಿದೆ ಅಂತ. ಆವರೆಗೆ ಆ ಕುಂಡಕ್ಕೆ ಮೊದಲಿನ ಅರ್ಧದಷ್ಟೇ ನೀರು ಕೊಟ್ಟೆವು, ಯಾಕಂದ್ರೆ ಕುಡಿಯುವ ಬೇರೇ ಅರ್ಧ ಉಳಿದಿತ್ತು.

ದಾಸವಾಳದಲ್ಲಿ ನೆಟ್ ಕಟ್ಟಿದ ಮೇಲೆ ಹೂವು ಕಡಿಮೆಯಾಯಿತು. ಟೀಚರ್‌ಗೆ ಪೂಜೆಗೆ ಹೂ ಬೇಕಿತ್ತು, ಅದನ್ನು ಗುಂಪಿನ ಪೂರ್ವದ ತುದಿಗೆ ಸರಿಸಿ ನೆಟ್‌ನಿಂದ ಅರ್ಧ ಹೊರಗಿಟ್ಟೆವು. ಬೆಳಗಿನ ಬಿಸಿಲು ಪೂರ್ತಿ ಸಿಕ್ಕಿದ ಮೇಲೆ ಮೊಗ್ಗು ನಿಂತಿತು.

ಮೇ ಕೊನೆಗೆ ಮೋಡ ಖಾಯಂ ಆದ ಮೇಲೆ ನೆಟ್ ತೆಗೆಸಿದೆ. ಬಿಸಿಲಿರುವ ದಿನ ಒಮ್ಮೆಲೇ ತೆಗೆದರೆ ನೆರಳಿಗೆ ಒಗ್ಗಿದ ಎಲೆ ಅವತ್ತೇ ಸುಡುತ್ತದೆ. ಮೋಡದ ದಿನ ನೋಡಿ ಮೊದಲು ಎರಡನೇ ಪದರ, ಒಂದು ವಾರ ಬಿಟ್ಟು ಉಳಿದದ್ದು. ಮಳೆಗಾಲಕ್ಕೂ ಕಟ್ಟಿಯೇ ಬಿಟ್ಟರೆ ಬೆಳಕು ಕಡಿಮೆಯಾಗಿ, ಎಲೆ ಒಣಗದೆ, ಬೂಷ್ಟು ಹಿಡಿಯುತ್ತದೆ. ಮುಚ್ಚಿಗೆಯನ್ನೂ ಅರ್ಧ ಇಂಚಿಗೆ ಇಳಿಸಿದೆವು. ಜೂನ್ ಮಳೆಯಲ್ಲಿ ದಪ್ಪ ಮುಚ್ಚಿಗೆ ಅಂದರೆ ಬಸವನಹುಳುವಿಗೆ ಮನೆ ಕಟ್ಟಿಕೊಟ್ಟಂತೆ. ಗೋಣಿತಾಟು ಬಿಚ್ಚಿ ಒಣಗಿಸಿದ್ದಾಯಿತು, ಕುಂಡಗಳ ಗುಂಪನ್ನೂ ಸಡಿಲಿಸಿ ಒಂದೊಂದು ಗೇಣು ದೂರ ಇಟ್ಟೆವು. ಹಲಗೆ, ಇಟ್ಟಿಗೆ ಮಾತ್ರ ತೆಗೆಯಲಿಲ್ಲ. ಮಳೆಗಾಲದಲ್ಲಿ ಕುಂಡದ ತಳದ ತೂತು ಕಟ್ಟಿಕೊಳ್ಳದೆ ನೀರು ಬಸಿಯಲು ಅವು ಬೇಕು.

ಬಿದಿರು, ಕೊಕ್ಕೆ, ಹಗ್ಗ ಅಲ್ಲೇ ಇವೆ, ನೆಟ್ಟನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಸುತ್ತಿ ಮೆಟ್ಟಿಲ ಕೋಣೆಯಲ್ಲಿ ಇಟ್ಟಿದ್ದಾರೆ. ಮುಂದಿನ ವರ್ಷದಿಂದ ಫೆಬ್ರವರಿ ಕೊನೆಗೇ ಕುಂಡಗಳನ್ನು ಗುಂಪು ಮಾಡಿ, ಮಾರ್ಚ್ ಮೊದಲ ವಾರ ನೆಟ್ ಕಟ್ಟಿ ಅಂತ ಹೇಳಿ ಬಂದೆ, ಗಿಡ ಜೋತುಬೀಳುವವರೆಗೆ ಕಾಯುವುದು ಬೇಡ ಅಂತ. ಕಪ್ಪು ಕುಂಡಗಳ ಪಶ್ಚಿಮದ ಮೈಗೆ ಅಂಕಲ್ ಈಗಾಗಲೇ ಬಿಳಿ ಪೇಂಟ್ ಹೊಡೆದಿದ್ದಾರೆ.